ಮಾಲೆ ಹಾಕಿದ ದಿನಾನೇ ಒಂದು: ಮಂಡಲದ 41ನೇ ದಿನ ಹಿಡಿಯೋ ಲೆಕ್ಕ

ಪ್ರಶ್ನೆ: ಸ್ವಾಮಿ ಶರಣಂ. 2025ರ ನವೆಂಬರ್ 17 ಸೋಮವಾರ ಬೆಳಗ್ಗೆ ಶಬರಿಮಲೆ ಯಾತ್ರೆಗೆ 41 ದಿನದ ವ್ರತ ಹಿಡಿದು ಮಾಲೆ ಹಾಕಿದ್ದೆ. ಮೊಬೈಲಲ್ಲಿ 41 ದಿನ ಕೂಡಿಸಿದ್ರೆ ಡಿಸೆಂಬರ್ 28 ಬಂತು, ನಮ್ಮ ಗುರುಸ್ವಾಮಿ 27 ಅಂದ್ರು. ಹಾಕಿದ ದಿನಾನೇ ಒಂದು ಅಂತ ಹಿಡಿದ್ರೆ 41ನೇ ದಿನ ಯಾವತ್ತು? ಮುಂದಿನ ಸಲ ನಾನೇ ಹೇಗೆ ಲೆಕ್ಕ ಹಾಕ್ಲಿ?

ಉತ್ತರ: ಸ್ವಾಮಿ ಶರಣಂ. ನಿಮ್ಮ ಗುರುಸ್ವಾಮಿ ಹೇಳಿದ್ದೇ ಸರಿ, ಡಿಸೆಂಬರ್ 27, ಶನಿವಾರ. ಮೊಬೈಲಿಗೆ 41 ಕೊಡಬಾರದಿತ್ತು, 40 ಕೊಡಬೇಕಿತ್ತು, ಇಷ್ಟೇ ವಿಷ್ಯ. ಆದ್ರೆ ಯಾಕೆ 40 ಅನ್ನೋದು ತಲೆಗೆ ಹೋಗದೆ ಬರೀ ಬಾಯಿಪಾಠ ಮಾಡ್ಕೊಂಡ್ರೆ ಮುಂದಿನ ವರ್ಷ ಮತ್ತೆ ಇದೇ ಗೊಂದಲ ಆಗುತ್ತೆ, ಯಾಕಂದ್ರೆ ಆಗ ನಿಮಗೆ ಒಂದು ಕಳೀಬೇಕಾ ಕೂಡಿಸಬೇಕಾ ಅಂತಾನೇ ಮರ್ತೋಗಿರುತ್ತೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ತಪ್ಪು ಎಲ್ಲಿ ಆಗುತ್ತೆ ಅಂತ ನೋಡೋಣ. ಒಂದು ಚೀಟಿ ತಗೊಂಡು ಬರೀರಿ. ನವೆಂಬರ್ ಗೆ 30 ದಿನ. ನೀವು ಹಾಕಿದ್ದು 17ಕ್ಕೆ. ಬಹಳ ಜನ ಇಲ್ಲಿ ತಟ್ಟನೆ 30ರಲ್ಲಿ 17 ಕಳೆದು 13 ಅಂತಾರೆ, ನವೆಂಬರ್ ಲ್ಲಿ 13 ದಿನ ಆಯ್ತು, ಉಳಿದಿದ್ದು 28, ಹಾಗಾಗಿ ಡಿಸೆಂಬರ್ 28 ಅಂತ ಮುಗಿಸ್ತಾರೆ. ಕೇಳೋಕೆ ಎಷ್ಟು ಸರಿ ಅನ್ಸುತ್ತೆ ನೋಡಿ! ಆದ್ರೆ ಕ್ಯಾಲೆಂಡರ್ ಮೇಲೆ ಬೆರಳಿಟ್ಟು 17, 18, 19 ಅಂತ 30ರವರೆಗೂ ಒಂದೊಂದೇ ಎಣಿಸಿ, 14 ಮನೆ ಬರುತ್ತೆ. 30ರಲ್ಲಿ 17 ಕಳೆದಾಗ 17ನೇ ತಾರೀಖೇ ಹೊರಗೆ ಹೋಗ್ಬಿಡುತ್ತೆ, ಅದನ್ನ ವಾಪಸ್ ಒಳಗೆ ಕರ್ಕೊಂಡು ಬರೋಕೆ ಒಂದು ಕೂಡಿಸಬೇಕು. ಅಲ್ಲಿಗೆ ನವೆಂಬರ್ ದು 14, ಡಿಸೆಂಬರ್ ದು 27, ಒಟ್ಟು 41. ಚೀಟಿ ಲೆಕ್ಕದಲ್ಲಿ ಎಡವೋ ಜಾಗ ಸಾಮಾನ್ಯವಾಗಿ ಇದೊಂದೇ, ಮೊದಲನೇ ತಿಂಗಳಲ್ಲಿ ಎಷ್ಟು ದಿನ ಸಿಕ್ತು ಅನ್ನೋ ಕಡೆ. ಎರಡನೇ ತಿಂಗಳಲ್ಲಿ ತಪ್ಪೋಕೆ ಚಾನ್ಸ್ ಕಮ್ಮಿ, ಅಲ್ಲಿ ತಾರೀಖೇ ಎಣಿಕೆ.

ಇನ್ನೊಂದು ತರ ನೋಡಿ. ನೀವು ಮಾಲೆ ಹಾಕಿದ ಬೆಳಗ್ಗೆ ಯಾರಾದ್ರೂ ಸ್ವಾಮಿ ಎಷ್ಟನೇ ದಿನ ಅಂತ ಕೇಳಿದ್ರೆ ಒಂದು ಅಂತೀರ, ಸೊನ್ನೆ ಅನ್ನಲ್ಲ ತಾನೇ. ಅಂದ್ರೆ ಒಂದೂ ದಿನ ಮುಂದಕ್ಕೆ ಹೋಗದೆ ಕೈಗೆ ಒಂದು ಬಂದಾಯ್ತು. ಇನ್ನು ಉಳಿದಿದ್ದು 40, ಅಷ್ಟು ಸಲ ಕ್ಯಾಲೆಂಡರ್ ಹಾಳೆ ಹರಿದ್ರೆ ಸಾಕು. ಮೊಬೈಲಿಗೆ ನೀವು 41 ಕೂಡಿಸು ಅಂದ್ರೆ ಅದು 41 ಹಾಳೆ ಹರಿಯುತ್ತೆ, ಪಾಪ ಅದಕ್ಕೇನ್ ಗೊತ್ತು ನೀವು ಮೊದಲನೇ ಹಾಳೆನೂ ಎಣಿಸಿಕೊಂಡಿದೀರ ಅಂತ. ಹಂಗೇ ಉಲ್ಟಾ ಕೂಡ, 17ರಿಂದ ಡಿಸೆಂಬರ್ 27ಕ್ಕೆ ನಡುವೆ ಎಷ್ಟು ದಿನ ಅಂತ ಕೇಳಿದ್ರೆ ಮೊಬೈಲು 40 ಅನ್ನುತ್ತೆ, ಆಗ ಅಯ್ಯೋ ಒಂದಿನ ಕಮ್ಮಿ ಆಯ್ತಲ್ಲಾ ಅಂತ ಗಾಬರಿ ಬೀಳಬೇಡಿ, ಅದಕ್ಕೆ ಒಂದು ಕೂಡಿಸಿಕೊಳ್ಳಿ.

ಇದರಲ್ಲಿ ಓದಿದವರೇ ಜಾಸ್ತಿ ಎಡವೋದು, ಇದು ನಾನು ತಮಾಷೆಗೆ ಹೇಳ್ತಿಲ್ಲ, ನಾನೇ ಬ್ಯಾಂಕಲ್ಲಿ ಇದ್ದವನು. ಬ್ಯಾಂಕಲ್ಲಿ ನವೆಂಬರ್ 17ಕ್ಕೆ 40 ದಿನದ ಡೆಪಾಸಿಟ್ ಇಟ್ರೆ ಡಿಸೆಂಬರ್ 27ಕ್ಕೆ ಮೆಚ್ಯೂರ್ ಆಗುತ್ತೆ, 41 ದಿನದ್ದು ಇಟ್ರೆ 28ಕ್ಕೆ, ಯಾಕಂದ್ರೆ ಅಲ್ಲಿ ದುಡ್ಡು ಎಷ್ಟು ರಾತ್ರಿ ನಮ್ಮ ಹತ್ರ ಮಲಗಿತ್ತು ಅನ್ನೋದು ಲೆಕ್ಕ. ವಕೀಲರನ್ನ ಕೇಳಿದ್ರೂ 28 ಅಂತಾರೆ. 1963ರ ಲಿಮಿಟೇಷನ್ ಆಕ್ಟ್ ನ 12ನೇ ಸೆಕ್ಷನ್ ಪ್ರಕಾರ ಯಾವ ದಿನದಿಂದ ಅವಧಿ ಶುರುವಾಗುತ್ತೋ ಆ ದಿನವನ್ನ ಬಿಟ್ಟೇ ಎಣಿಸಬೇಕು, ಅವರಿಗೆ ಅದು ರಕ್ತದಲ್ಲೇ ಹೋಗಿರುತ್ತೆ. ಅವರದ್ದೂ ತಪ್ಪಲ್ಲ, ಬ್ಯಾಂಕಿಂದೂ ತಪ್ಪಲ್ಲ, ಅವರ ಪ್ರಶ್ನೆ ಬೇರೆ. ಎಷ್ಟು ಕಾಲ ಕಳೀತು ಅನ್ನೋದು ಅವರ ಪ್ರಶ್ನೆ, ಇವತ್ತು ಎಷ್ಟನೇ ದಿನ ಅನ್ನೋದು ನಮ್ಮ ಪ್ರಶ್ನೆ.

ಈಗ ನಮ್ಮ ಮನೆ ಹಿರಿಯರ ಮಾತು ನೆನಪು ಮಾಡ್ಕೊಳ್ಳಿ. ಸೋಮವಾರ ಸಂತೆ ಆಗಿ ಮುಂದಿನ ಸೋಮವಾರ ಮತ್ತೆ ಸಂತೆ ಅಂದ್ರೆ ಎಂಟು ದಿನಕ್ಕೊಂದ್ಸಲ ಸಂತೆ ಅಂತಾರೆ, ಏಳು ದಿನಕ್ಕೆ ಅನ್ನಲ್ಲ. ಎರಡು ವಾರ ಬಿಟ್ಟು ಬಾ ಅನ್ನೋಕೆ ಹದಿನೈದು ದಿನ ಬಿಟ್ಟು ಬಾ ಅಂತಾರೆ, ಹದಿನಾಲ್ಕು ಅಂತ ಯಾರ ಬಾಯಲ್ಲೂ ಬರಲ್ಲ. ಯಾಕೆ? ಇವತ್ತನ್ನೂ ಸೇರಿಸಿ ಎಣಿಸೋದು ನಮ್ಮ ಆಡುಮಾತಲ್ಲೇ ಇದೆ. ವ್ರತದ ಲೆಕ್ಕಾನೂ ಅದೇ ಜಾತಿದು. ಇದನ್ನೇ ಮುಂದಕ್ಕೆ ಎಳೀರಿ: ಸೋಮವಾರ ಮಾಲೆ ಹಾಕಿದವರಿಗೆ ಸೋಮವಾರಗಳೆಲ್ಲ 1, 8, 15, 22, 29, 36. ಆರು ಸೋಮವಾರ ಆಯ್ತು. ಆರನೇ ಸೋಮವಾರ 36ನೇ ದಿನ, ಅಲ್ಲಿಂದ ಮಂಗಳ 37, ಬುಧ 38, ಗುರು 39, ಶುಕ್ರ 40, ಶನಿ 41. ನಿಮ್ಮ ವಿಷಯದಲ್ಲಿ ನವೆಂಬರ್ 17, 24, ಡಿಸೆಂಬರ್ 1, 8, 15, 22, ಇವು ಆರು ಸೋಮವಾರ, 22 ಆದ್ಮೇಲೆ ಬರೋ ಶನಿವಾರ 27. ಗೋಡೆ ಕ್ಯಾಲೆಂಡರ್ ಮುಂದೆ ನಿಂತು ಹತ್ತು ಸೆಕೆಂಡಲ್ಲಿ ಮುಗಿಯೋ ಕೆಲಸ, ಪೆನ್ನೂ ಬೇಡ.

ಇದರಿಂದ ಒಂದು ಒಳ್ಳೆ ತಾಳೆನೂ ಸಿಗುತ್ತೆ. 41ನೇ ದಿನ ಯಾವಾಗ್ಲೂ ಮಾಲೆ ಹಾಕಿದ ವಾರಕ್ಕಿಂತ ಎರಡು ದಿನ ಹಿಂದಿನ ವಾರದ ಹೆಸರಲ್ಲಿ ಬರುತ್ತೆ. ಸೋಮವಾರ ಹಾಕಿದ್ರೆ ಶನಿವಾರ, ಬುಧವಾರ ಹಾಕಿದ್ರೆ ಸೋಮವಾರ, ಶನಿವಾರ ಹಾಕಿದ್ರೆ ಗುರುವಾರ. 2024ರಲ್ಲಿ ಶಬರಿಮಲೆಯ ಮಂಡಲ ಶುರುವಾಗೋ ವೃಶ್ಚಿಕ ಮಾಸದ ಒಂದನೇ ತಾರೀಖು ಬಂದಿದ್ದು ನವೆಂಬರ್ 16 ಶನಿವಾರ, 41ನೇ ದಿನದ ಮಂಡಲ ಪೂಜೆ ಆಗಿದ್ದು ಡಿಸೆಂಬರ್ 26 ಗುರುವಾರ, ತಾಳೆ ಆಯ್ತಲ್ವಾ. ಯಾರಾದ್ರೂ ಲೆಕ್ಕ ಹಾಕಿ ಸೋಮವಾರ ಹಾಕಿದವರಿಗೆ ಭಾನುವಾರ ಅಂತ ಹೇಳಿದ್ರೆ ಅಲ್ಲೇ ಗೊತ್ತಾಗುತ್ತೆ, ಒಂದು ದಿನ ಜಾಸ್ತಿ ಹೋಗಿದೆ ಅಂತ. ಶುಕ್ರವಾರ ಅಂದ್ರೆ ಒಂದು ಕಮ್ಮಿ ಆಗಿದೆ. ನಿಮ್ಮ ಮೊಬೈಲು ಕೊಟ್ಟ ಡಿಸೆಂಬರ್ 28 ಭಾನುವಾರ ಇತ್ತು, ನೋಡಿ ಬೇಕಾದ್ರೆ.

ನಮ್ಮ ಗುರುಸ್ವಾಮಿಯವರಿಗೆ ಕ್ಯಾಲೆಂಡರೂ ಬೇಕಿರ್ಲಿಲ್ಲ. ಬಲಗೈ ಹೆಬ್ಬೆರಳಲ್ಲಿ ಉಳಿದ ನಾಲ್ಕು ಬೆರಳಿನ ಗೆಣ್ಣು ಮುಟ್ಕೊಂಡು ಹೋಗೋರು, ಬೆರಳಿಗೆ ಮೂರು, ಒಂದು ಸುತ್ತಿಗೆ ಹನ್ನೆರಡು. ಮೂರು ಸುತ್ತು ಅಂದ್ರೆ 36, ಮೇಲೆ ಐದು ಗೆಣ್ಣು. ನಾನು ನಮ್ಮ ಅಯ್ಯಪ್ಪ ಸಂಘದ ಮಾಲೆ ರಿಜಿಸ್ಟರ್ ಬರೆಯೋಕೆ ಶುರು ಮಾಡಿದ ಮೊದಲನೇ ವರ್ಷ ಹೊಸ ಹುರುಪು, ಕಂಪ್ಯೂಟರಲ್ಲಿ ಎಲ್ಲರ ಹೆಸರು, ಮಾಲೆ ಹಾಕಿದ ತಾರೀಖು, ಮುಗಿಯೋ ತಾರೀಖು ಅಂತ ಚೆಂದಾಗಿ ಕಾಲಂ ಮಾಡಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ಅವರು ಕನ್ನಡಕ ಹಾಕ್ಕೊಂಡು ಒಂದು ಸಾಲು ನೋಡಿದ್ರು, ಬೆರಳು ಆಡಿಸಿದ್ರು, ಇದೇನಪ್ಪ ಇದು ನಲವತ್ತೆರಡು ಆಯ್ತಲ್ಲ ಅಂದ್ರು. ನಾನು ಇಲ್ಲ ಸ್ವಾಮಿ ಕಂಪ್ಯೂಟರ್ ಲೆಕ್ಕ ಅಂತ ವಾದ ಬೇರೆ ಮಾಡಿದೆ. ಇಡೀ ಕಾಲಂ 41 ಕೂಡಿಸಿದ್ದು, ಅಷ್ಟೂ ಜನರದ್ದೂ ಒಂದೊಂದು ದಿನ ಮುಂದೆ ಹೋಗಿತ್ತು. ಅವತ್ತೇ ಹಾಳೆ ಕಿತ್ತೆ.

ಈಗ ಅದನ್ನ ಹೀಗೆ ಬರೀತೀನಿ, ಎ ಕಾಲಂ ಲ್ಲಿ ಮಾಲೆ ಹಾಕಿದ ತಾರೀಖು, ಬಿ ಲ್ಲಿ 41ನೇ ದಿನ, ಸಿ ಲ್ಲಿ ತಾಳೆ:

```
B2:  =A2+40
C2:  =B2-A2+1
```

ಸಿ ಕಾಲಂ ಪೂರ್ತಿ 41 ಅಂತಾನೇ ಕಾಣಬೇಕು, ಅದು ತಾರೀಖಿನ ತರ ಕಂಡ್ರೆ ಫಾರ್ಮ್ಯಾಟ್ ನಂಬರ್ ಗೆ ಬದಲಾಯಿಸಿ. ಇಲ್ಲಿ ಇನ್ನೊಂದು ಹೊಂಡ ಇದೆ. ಕೆಲವು ಕಂಪ್ಯೂಟರಲ್ಲಿ ಸೆಟ್ಟಿಂಗ್ ಅಮೆರಿಕದ್ದು ಇರುತ್ತೆ, ತಿಂಗಳು ಮೊದಲು ದಿನ ಆಮೇಲೆ. ಆಗ ನೀವು 17/11/2025 ಅಂತ ಹೊಡೆದ್ರೆ ಹದಿನೇಳನೇ ತಿಂಗಳು ಇಲ್ವಲ್ಲ, ಅದು ತಾರೀಖು ಅಂತಾನೇ ಒಪ್ಪಲ್ಲ, ಪಕ್ಕದಲ್ಲಿ `#VALUE!` ಅಂತ ಬರುತ್ತೆ, ಅದು ಪರವಾಗಿಲ್ಲ ತಪ್ಪು ಕಣ್ಣಿಗೆ ಬೀಳುತ್ತೆ. ಕಷ್ಟ ಇರೋದು 05/12/2025 ಅಂತ ಹೊಡೆದಾಗ, ನೀವು ಅಂದ್ಕೊಂಡಿದ್ದು ಡಿಸೆಂಬರ್ 5, ಅದು ಸುಮ್ನೆ ಮೇ 12 ಅಂತ ನುಂಗಿಬಿಡುತ್ತೆ, 41ನೇ ದಿನ ಜೂನ್ 21 ಅಂತ ತೋರಿಸುತ್ತೆ, ಸಿ ಕಾಲಂ ಮಾತ್ರ 41 ಅಂತ ನಗ್ತಾ ಕೂತಿರುತ್ತೆ. ಅದಕ್ಕೇ ತಾರೀಖಿನ ಫಾರ್ಮ್ಯಾಟಲ್ಲಿ ತಿಂಗಳಿನ ಹೆಸರು ಕಾಣೋ ಹಾಗೆ ಇಟ್ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳೋದು.

ಮೊಬೈಲೂ ಕಂಪ್ಯೂಟರೂ ಇಲ್ದೆ ಬಾಯಲ್ಲೇ ಹೇಳ್ಬೇಕು ಅಂದ್ರೆ ಇನ್ನೊಂದು ದಾರಿ. 40 ದಿನ ಮುಂದೆ ಹೋಗೋದು ಅಂದ್ರೆ 30 ದಿನದ ತಿಂಗಳಿಂದ ಹೊರಟ್ರೆ ಮುಂದಿನ ತಿಂಗಳಲ್ಲಿ ಅದೇ ತಾರೀಖಿಗೆ 10 ಜಾಸ್ತಿ. 31 ದಿನದ ತಿಂಗಳಿಂದ ಹೊರಟ್ರೆ 9 ಜಾಸ್ತಿ. ಇಷ್ಟೇ. ನವೆಂಬರ್ 17 ಇದ್ದದ್ದು ಡಿಸೆಂಬರ್ 27 ಆಯ್ತು, ಡಿಸೆಂಬರ್ 5 ಇದ್ದದ್ದು ಜನವರಿ 14 ಆಗುತ್ತೆ. ಫೆಬ್ರವರಿಲಿ ಹಾಕೋರು ಕಮ್ಮಿ, ಹಾಕಿದ್ರೆ 12 ಕೂಡಿಸಿ, ಅಧಿಕ ವರ್ಷ ಆದ್ರೆ 11. ತಾರೀಖು ಆ ತಿಂಗಳನ್ನೇ ದಾಟಿ ಹೋದ್ರೆ ಹೆದರಬೇಡಿ, ಆ ತಿಂಗಳ ದಿನಗಳನ್ನ ಕಳೆದು ಅದರ ಮುಂದಿನ ತಿಂಗಳಿಗೆ ಹೋಗಿ. ನವೆಂಬರ್ 25ಕ್ಕೆ ಹಾಕಿದ್ರೆ ಡಿಸೆಂಬರ್ 35 ಬಂತು, 31 ಕಳೆದ್ರೆ ಜನವರಿ 4. ತಾಳೆ ನೋಡೋಣ ಬನ್ನಿ, ನವೆಂಬರ್ ಲ್ಲಿ 25ರಿಂದ 30ರವರೆಗೆ 6, ಡಿಸೆಂಬರ್ ಪೂರ್ತಿ 31, ಅಲ್ಲಿಗೆ 37, ಜನವರಿಯ 4 ಸೇರಿ 41. ಸರಿಯಾಯ್ತು.

ಜನ ಮಾಡೋ ತಪ್ಪು ಏನಂದ್ರೆ ನವೆಂಬರ್ ದು 10 ಅಂತ ಒಂದ್ಸಲ ನೆನಪಿಟ್ಕೊಂಡು ಡಿಸೆಂಬರ್ ಗೂ 10 ಅನ್ನೋದನ್ನೇ ಓಡಿಸ್ತಾರೆ. ಶಬರಿಮಲೆಯ ಮಕರವಿಳಕ್ಕು ಹಬ್ಬದ ದಿನಕ್ಕೆ ಸರಿಯಾಗಿ 41 ಆಗಬೇಕು ಅಂತ ಜನವರಿ 14ರಿಂದ ಹಿಂದೆ ಹೋಗುವಾಗ 10 ಕಳೆದು ಡಿಸೆಂಬರ್ 4ಕ್ಕೆ ಹಾಕ್ತಾರೆ, ಬೇಕಾಗಿದ್ದದ್ದು 5. ಆ ಕಡೆ ತಪ್ಪಿದ್ರೆ ವ್ರತ ಒಂದಿನ ಜಾಸ್ತಿ ಆಗುತ್ತೆ ಅಷ್ಟೇ, ಯಾರಿಗೂ ನಷ್ಟ ಇಲ್ಲ. ಆದ್ರೆ ಮುಂದಕ್ಕೆ ಎಣಿಸುವಾಗ ಇದೇ ತಪ್ಪು ಮಾಡಿ ಬಸ್ ಬುಕ್ ಮಾಡಿದ್ರೆ ಒಂದಿನ ತಡ ಆಗುತ್ತೆ.

ಈಗ ನಿಮಗೆ ಇನ್ನೊಂದು ಅನುಮಾನ ಬರಬಹುದು, ಶಬರಿಮಲೆಯಲ್ಲಿ ನಡೆ, ಅಂದ್ರೆ ಗರ್ಭಗುಡಿ ಬಾಗಿಲು, ತೆರೆದಿದ್ದು ನವೆಂಬರ್ 16ರ ಸಂಜೆ ಅಂತ ಟಿವಿಲೆಲ್ಲ ಬಂತಲ್ಲ, ಅಲ್ಲಿಂದ ಎಣಿಸಿದ್ರೆ ಮಂಡಲ 26ಕ್ಕೇ ಮುಗೀಬೇಕಲ್ವಾ ಅಂತ. ಈ ಪ್ರಶ್ನೆ ಪ್ರತಿ ಸೀಸನ್ ಬರುತ್ತೆ. ನಡೆ ತೆರೆಯೋದು ಹಿಂದಿನ ಸಂಜೆ, ಮಂಡಲದ ಲೆಕ್ಕ ಶುರುವಾಗೋದು ಮಲಯಾಳಂ ಪಂಚಾಂಗದ ವೃಶ್ಚಿಕ ಮಾಸ ಒಂದನೇ ತಾರೀಖಿಂದ, ಅದು 2025ರಲ್ಲಿ ಬಂದಿದ್ದು ನವೆಂಬರ್ 17ಕ್ಕೆ. ನೀವು ಹಾಕಿದ ದಿನಾನೇ ಅದು ಬಿದ್ದಿದ್ರಿಂದ ನಿಮ್ಮ 41, ಸನ್ನಿಧಾನದ 41, ಎರಡೂ ಡಿಸೆಂಬರ್ 27ಕ್ಕೆ ಒಟ್ಟಿಗೆ ಬಂತು. ಹಿಂದಿನ ಸಂಜೆ ಆರನ್ಮುಳದಿಂದ ತಂಗ ಅಂಗಿ ಮೆರವಣಿಗೆ ಬಂದು ಸೇರುತ್ತೆ, ತಿರುವಾಂಕೂರಿನ ಚಿತ್ತಿರ ತಿರುನಾಳ್ ಮಹಾರಾಜರು 1973ರಲ್ಲಿ ಅರ್ಪಿಸಿದ ಚಿನ್ನದ ಅಂಗಿ ಅದು, ಮಾರನೇ ದಿನ ಅದನ್ನ ತೊಡಿಸಿ ಮಂಡಲ ಪೂಜೆ. ಹಾಗಾಗಿ ಪೇಪರಲ್ಲಿ ತಂಗ ಅಂಗಿ ಇವತ್ತು ಸನ್ನಿಧಾನಕ್ಕೆ ಅಂತ ಓದಿದ್ರೆ ಅದು ದೇವಸ್ಥಾನದ 40ನೇ ದಿನ ಅಂತ ಅರ್ಥ.

ಕೆಲವರು ಮಂಡಲ ಪೂಜೆ ಅಂದ್ರೆ ಧನುರ್ಮಾಸ 11 ಅಂತ ಒಂದೇ ಮಾತಲ್ಲಿ ಹೇಳಿಬಿಡ್ತಾರೆ. ವೃಶ್ಚಿಕಕ್ಕೆ 30 ದಿನ ಇದ್ದ ವರ್ಷ ಅದು ಸರಿ, 30 ಕೂಡಿಸು 11 ಅಂದ್ರೆ 41. ಆದ್ರೆ ಸೌರಮಾಸ ಎಲ್ಲಾ ವರ್ಷ ಒಂದೇ ಉದ್ದ ಇರಲ್ಲ, ಸೂರ್ಯ ರಾಶಿ ದಾಟೋ ಹೊತ್ತು ನೋಡಿ ತಿಂಗಳು ಶುರು ಮಾಡೋದ್ರಿಂದ ವೃಶ್ಚಿಕ ಒಮ್ಮೊಮ್ಮೆ 29 ದಿನಕ್ಕೇ ಮುಗಿಯುತ್ತೆ. 2025ರಲ್ಲಿ ಆಗಿದ್ದು ಹಾಗೇ, ನವೆಂಬರ್ 17ಕ್ಕೆ ವೃಶ್ಚಿಕ ಶುರು, ಡಿಸೆಂಬರ್ 16ಕ್ಕೇ ಧನು ಶುರು, ನಡುವೆ 29. ಅಂಥ ವರ್ಷ 11 ಅಂತ ಹಿಡಿದ್ರೆ 40ನೇ ದಿನಕ್ಕೇ ನಿಂತುಬಿಡ್ತೀರ, 12ಕ್ಕೆ ಹೋಗ್ಬೇಕು. ತಿಂಗಳ ತಾರೀಖನ್ನ ನಂಬೋದಕ್ಕಿಂತ ಬೆಳಗುಗಳನ್ನ ಎಣಿಸೋದೇ ವಾಸಿ. ತಿಥಿ ಲೆಕ್ಕನೂ ತರಬೇಡಿ ದಯವಿಟ್ಟು. ತಿಥಿ ಅನ್ನೋದು ಸರಾಸರಿ ಒಂದು ದಿನಕ್ಕಿಂತ ಸ್ವಲ್ಪ ಚಿಕ್ಕದು, ಒಂದು ಸಲ ಒಂದೇ ದಿನದಲ್ಲಿ ಎರಡು ಕೂರುತ್ತೆ, ಇನ್ನೊಂದು ಸಲ ಎರಡು ದಿನ ಎಳೆಯುತ್ತೆ, 41ರಲ್ಲಿ ಲೆಕ್ಕ ತಪ್ಪೋ ಸಾಧ್ಯತೆ ಜಾಸ್ತಿ. ಮಾಲೆ ವ್ರತ ದಿನದ ಲೆಕ್ಕ, ತಿಥಿದಲ್ಲ.

ದಿನ ಅಂದ್ರೆ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಬೆಳಗ್ಗೆ ಸ್ನಾನ ಮಾಡಿ ದೇವಸ್ಥಾನದಲ್ಲಿ ಹಾಕಿಸಿಕೊಂಡ್ರೆ ಯಾವ ತಕರಾರೂ ಇಲ್ಲ, ಅವತ್ತೇ ಒಂದು. ಕೆಲಸ ಮುಗಿಸಿ ಸಂಜೆ ಹಾಕಿಸಿಕೊಳ್ಳೋರು ಈಗ ಜಾಸ್ತಿ, ಆಗ ಕೆಲವು ಸಂಘದವರು ಅವತ್ತನ್ನೇ ಒಂದು ಅಂತಾರೆ, ಕೆಲವರು ಮರುದಿನದಿಂದ. ನಮ್ಮ ರಿಜಿಸ್ಟರಲ್ಲಿ ಸಂಜೆ ಹಾಕಿದವರಿಗೆ ಮಾರನೇ ಬೆಳಗ್ಗೆಯ ತಾರೀಖು ಬರೀತೀವಿ, ಪೂರ್ತಿ ಒಂದು ಹಗಲು ವ್ರತದಲ್ಲಿ ಕಳೆದ್ರೇನೇ ಒಂದು ದಿನ ಅನ್ನೋದು ನಮ್ಮ ಗುರುಸ್ವಾಮಿಯವರ ಪಟ್ಟು. ನಿಮ್ಮವರು ಹೇಗೆ ಅಂತ ಮೊದಲೇ ಕೇಳಿ ಆ ತಾರೀಖನ್ನೇ ಒಂದು ಅಂತ ಬರ್ಕೊಳ್ಳಿ, ಆಮೇಲೆ ಲೆಕ್ಕ ಬದಲಾಗಲ್ಲ. ವ್ರತದ ನಡುವೆ ಮನೇಲಿ ಸೂತಕ ಬಂದು ಮಾಲೆ ತೆಗೀಬೇಕಾದ್ರೆ ಉಳಿದ ದಿನ ಆಮೇಲೆ ಮುಗಿಸ್ತೀನಿ ಅನ್ನೋ ಹಾಗಿಲ್ಲ ನಮ್ಮಲ್ಲಿ, ಮತ್ತೆ ಹಾಕಿದ ದಿನ ಮತ್ತೆ ಒಂದು.

ಇನ್ನು ನಿಮ್ಮ ಮೊಬೈಲು ಹೇಳಿದ 28ರ ಬಗ್ಗೆ. ಅದು ಪೂರ್ತಿ ಸುಳ್ಳು ಅಂತ ತಳ್ಳಿಹಾಕೋ ಹಾಗಿಲ್ಲ. 17ರ ಬೆಳಗ್ಗೆ ಆರಕ್ಕೆ ಹಾಕಿದ್ರೆ 27ರ ಬೆಳಗ್ಗೆ ಆರಕ್ಕೆ 40 ದಿನ ತುಂಬಿರುತ್ತೆ, 41ನೇದು ಆಗ ತಾನೇ ಹುಟ್ಟಿದೆ. ಅದು ತುಂಬೋದು 28ರ ಬೆಳಗ್ಗೆ. ಅಂದ್ರೆ 41ನೇ ದಿನ 27, 41 ದಿನ ತುಂಬಿದ ಬೆಳಗು 28. ಮಗುವಿಗೆ ಹನ್ನೊಂದನೇ ದಿನ ಹೆಸರಿಡ್ತಾರಲ್ಲ, ಅವತ್ತು ಮಗುಗೆ ಹನ್ನೊಂದು ದಿನ ತುಂಬಿರಲ್ಲ, ಆದ್ರೂ ಅದು ಹನ್ನೊಂದನೇ ದಿನಾನೇ, ಅದೇ ತರ. ಈ ವ್ಯತ್ಯಾಸ ಎಲ್ಲಿ ಕೆಲಸಕ್ಕೆ ಬರುತ್ತೆ ಅಂದ್ರೆ ದರ್ಶನದ ದಿನ ಗೊತ್ತು ಮಾಡುವಾಗ. 41ನೇ ದಿನವೇ ಹದಿನೆಂಟು ಮೆಟ್ಟಿಲು ಹತ್ತಬಹುದು ಅನ್ನೋ ಸಂಘಗಳಿವೆ, ಇಲ್ಲ 41 ಪೂರ್ತಿ ಆಗಿ ಆಮೇಲೆ ಹತ್ತಬೇಕು ಅನ್ನೋವೂ ಇವೆ. ಮೊದಲನೇ ಪೈಕಿ ಆದ್ರೆ ದರ್ಶನದ ತಾರೀಖಿಂದ 40 ಹಿಂದೆ ಹೋಗಿ ಮಾಲೆ ಹಾಕಿ, ಎರಡನೇ ಪೈಕಿ ಆದ್ರೆ 41 ಹಿಂದೆ. ಮಕರವಿಳಕ್ಕಿಗೆ ಜನವರಿ 14 ಅಂತಿಟ್ಕೊಂಡ್ರೆ ಮೊದಲನೇಯವರಿಗೆ ಡಿಸೆಂಬರ್ 5, ಎರಡನೇಯವರಿಗೆ ಡಿಸೆಂಬರ್ 4. ಹೇಗಿದ್ರೂ ಮಾಲೆ ತೆಗೆಯೋದು ಯಾತ್ರೆ ಮುಗಿಸಿ ವಾಪಸ್ ಬಂದ ಮೇಲೇನೇ, 41 ಆಯ್ತು ಅಂತ ದಾರಿಲೇ ನಿಯಮ ಬಿಡೋ ಹಾಗಿಲ್ಲ. ಎಣಿಕೆಯ ಕೊನೆ ಬೇರೆ, ಮಾಲೆಯ ಕೊನೆ ಬೇರೆ.

ಈಗ ದರ್ಶನಕ್ಕೆ ವರ್ಚುವಲ್ ಕ್ಯೂ ಲ್ಲಿ ತಾರೀಖು ಬುಕ್ ಮಾಡ್ಬೇಕಾಗಿರೋದ್ರಿಂದ ನಾನು ಎಲ್ಲರಿಗೂ ಹೇಳೋದು ಹಿಂದಿನಿಂದ ಲೆಕ್ಕ ಹಾಕಿ ಅಂತ. ಮೊದಲು ದರ್ಶನದ ತಾರೀಖು, ಆಮೇಲೆ ಮಾಲೆ ತಾರೀಖು. ಇದನ್ನ ಮಾಡ್ದೆ ಇದ್ರೆ ಏನಾಗುತ್ತೆ ಅಂತ ಹೋದ ಸೀಸನ್ ದೇ ಉದಾಹರಣೆ ತಗೊಳ್ಳಿ. ನಿಮ್ಮ ಜೊತೆ ಹಾಕಬೇಕಿದ್ದ ಒಬ್ಬರು ಆಫೀಸಲ್ಲಿ ರಜೆ ಸಿಗದೆ ಎರಡು ದಿನ ತಡವಾಗಿ ನವೆಂಬರ್ 19 ಬುಧವಾರ ಹಾಕಿದ್ರು ಅಂತಿಟ್ಕೊಳ್ಳಿ. 10 ಕೂಡಿಸಿದ್ರೆ ಡಿಸೆಂಬರ್ 29, ಬುಧವಾರದಿಂದ ಎರಡು ಹಿಂದೆ ಸೋಮವಾರ, 29 ಸೋಮವಾರಾನೇ, ಲೆಕ್ಕ ಪಕ್ಕಾ. ಆದ್ರೆ ಅವತ್ತು ಬೆಟ್ಟಕ್ಕೆ ಹೋದ್ರೆ ನಡೆ ಮುಚ್ಚಿರುತ್ತೆ! ಡಿಸೆಂಬರ್ 27ರ ರಾತ್ರಿ ಹರಿವರಾಸನಂ ಹಾಡು ಆಗಿ ಮುಚ್ಚಿದ್ದು, ಮಕರವಿಳಕ್ಕು ಕಾಲಕ್ಕೆ ಮತ್ತೆ ತೆರೆದಿದ್ದು 30ರ ಸಂಜೆ. ನವೆಂಬರ್ 18, 19ಕ್ಕೆ ಹಾಕಿದವರ 41ನೇ ದಿನ ಆ ಮುಚ್ಚಿದ ದಿನಗಳಲ್ಲೇ ಬೀಳುತ್ತೆ, 20ಕ್ಕೆ ಹಾಕಿದವರಿಗೆ 30ರ ಸಂಜೆ. ಇಂಥವರು 41ನೇ ದಿನಕ್ಕೇ ಜೋತು ಬೀಳದೆ ವ್ರತವನ್ನ ಮುಂದುವರೆಸಿಕೊಂಡು 31ಕ್ಕೋ ಜನವರಿಗೋ ಹೋಗೋದು ಸರಿ, 43, 44 ಆದ್ರೆ ಏನೂ ತೊಂದ್ರೆ ಇಲ್ಲ. ಉಲ್ಟಾ 27ರ ಒಳಗೇ ಹೋಗಿ ಬರ್ತೀನಿ ಅಂದ್ರೆ 19ಕ್ಕೆ ಹಾಕಿದವರದ್ದು 39ಕ್ಕೇ ನಿಲ್ಲುತ್ತೆ, ಅದಕ್ಕೆ ಗುರುಸ್ವಾಮಿ ಒಪ್ಪಬೇಕು.

48 ದಿನ ಅಂತಾನೂ ಕೆಲವರು ಹೇಳ್ತಾರೆ, ಅದು ಬೇರೆ ಮಂಡಲ, ದೇವಸ್ಥಾನದಲ್ಲಿ ಪ್ರತಿಷ್ಠೆ ಆದ್ಮೇಲೆ ಮಾಡೋ ಮಂಡಲ ಪೂಜೆಗೆ ನಮ್ಮ ಕಡೆ 48 ಹಿಡೀತಾರೆ. ಅದಕ್ಕೆ 47 ಕೂಡಿಸಿ. 21 ದಿನದ್ದಕ್ಕೆ 20, 11 ದಿನದ್ದಕ್ಕೆ 10. ಎಷ್ಟು ದಿನದ್ದೇ ಆಗ್ಲಿ ಒಂದು ಕಮ್ಮಿ ಕೂಡಿಸೋದು.

2026ರಲ್ಲೂ ನೀವು ನವೆಂಬರ್ 17ಕ್ಕೇ ಹಾಕೋದಾದ್ರೆ ಅವತ್ತು ಮಂಗಳವಾರ. 41ನೇ ದಿನ ಯಾವ ವಾರ, ಯಾವ ತಾರೀಖು ಅಂತ ಈಗ್ಲೇ ಗೋಡೆ ಕ್ಯಾಲೆಂಡರಲ್ಲಿ ಮಂಗಳವಾರಗಳ ಮೇಲೆ ಬೆರಳಿಟ್ಟು ನೀವೇ ಎಣಿಸಿ, ಭಾನುವಾರ ಬರದಿದ್ರೆ ನನಗೆ ತಿಳಿಸಿ.